ಷೇರಿನ ಬೆಲೆಯನ್ನು ಕೇಳಿ ತಿಳಿದ ಕಥೆ



ನಮ್ಮ ಮೈಸೂರಿನ ಹೆಬ್ಬಾಳದಲ್ಲಿ ವಿಶಾಲವಾದ ಆವರಣವನ್ನು ಕಟ್ಟಿಕೊಂಡಿರುವ ಇನ್ಫೋಸಿಸ್ ಸಂಸ್ಥೆಯು 1993ರ ಫೆಬ್ರವರಿಯಲ್ಲಿ ತನ್ನ ಷೇರುಗಳನ್ನು ಮೊತ್ತಮೊದಲು ಸಾರ್ವಜನಿಕರ ಮುಂದಿರಿಸಿದಾಗ, ಒಂದೊಂದಕ್ಕೂ 95 ರೂಪಾಯಿ ಎಂದು ಬೆಲೆ ಕಟ್ಟಿದ್ದಿತು. ಅದಕ್ಕೆ ಒಂದು ವರ್ಷದ ಹಿಂದಿನವರೆಗೂ ಇಂಥ ಬೆಲೆಗಳಿಗೆ ದೆಹಲಿಯ ಬಂಡವಾಳ ನಿಯಂತ್ರಣಾಧಿಕಾರಿಯ ಅಪ್ಪಣೆ ಬೇಕಿತ್ತು; 1992ರಲ್ಲಿ ಆ ಕಟ್ಟು ಸಡಿಲಿತಾದರೂ, ಕೊಳ್ಳುವವರ ಮನಸ್ಸನ್ನು ಮುಂಚಿತವಾಗಿ ಅರಿಯುವ ಮಾರ್ಗವು ಇನ್ನೂ ತೆರೆದಿರಲಿಲ್ಲ. ಜನ ಸಾಕಷ್ಟು ಅರ್ಜಿ ಹಾಕಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆಯು ಶೇಕಡಾ 13ರಷ್ಟು ಪಾಲನ್ನು ಕೊಂಡಿತು. ಜೂನ್ ತಿಂಗಳಲ್ಲಿ ಅದೇ ಷೇರು 145 ರೂಪಾಯಿಗೆ ವಹಿವಾಟನ್ನು ಆರಂಭಿಸಿತೆಂಬುದನ್ನು ನೆನೆದಾಗಲೆಲ್ಲ, ಕೈಯಳತೆಯಲ್ಲಿದ್ದುದನ್ನು ಬಿಟ್ಟ ನಮ್ಮ ನಾಡಿನ ಅಸಂಖ್ಯ ಗೃಹಸ್ಥರಿಗಾಗಿ ನನಗೆ ಇಂದಿಗೂ ಮರುಕವುಂಟಾಗುತ್ತದೆ.

ಕೊಳ್ಳುವವರ ಮನಸ್ಸನ್ನು ಅರಿಯಲು ಆ ಬಳಿಕ ಬಂದ ಕ್ರಮವೇ ಬುಕ್ ಬಿಲ್ಡಿಂಗ್. ಇದರಲ್ಲಿ ಸಂಸ್ಥೆಯು ಒಂದೇ ಬೆಲೆಯನ್ನು ಸಾರದೆ ಕೆಳಮಿತಿ, ಮೇಲ್ಮಿತಿಗಳನ್ನು ತಿಳಿಸುತ್ತದೆ. ಮೇಲಿನದು ಕೆಳಗಿನದಕ್ಕಿಂತ ಶೇಕಡಾ 20ನ್ನು ಮೀರಬಾರದು. ಇಷ್ಟು ಷೇರು, ಇಂಥ ದರ ಎಂದು ಬಂದ ಕೂಗುಗಳೆಲ್ಲ ಪುಸ್ತಕವನ್ನು ಸೇರುತ್ತವೆ. ಸಾವಿರ ಷೇರುಗಳಿವೆಯೆಂದು ಭಾವಿಸಿರಿ: 110 ರೂಪಾಯಿಗೆ 300ಕ್ಕೂ, 108ಕ್ಕೆ ಮತ್ತೆ 700ಕ್ಕೂ, 105ಕ್ಕೆ ಇನ್ನೊಂದು 900ಕ್ಕೂ ಬೇಡಿಕೆ ಬಂದಿದೆ. ಮೇಲಿನಿಂದ ಕೂಡಿಸುತ್ತ ಇಳಿದರೆ 108ರಲ್ಲಿ ಸಾವಿರ ತುಂಬುವುದು. ಆದುದರಿಂದ 110 ಕೂಗಿದವನಿಗೂ 108ಕ್ಕೇ ದೊರೆಯುವುದು. ಸಣ್ಣ ಹೂಡಿಕೆದಾರನು ದರವನ್ನೇ ಹೇಳದೆ ‘ಕಟ್-ಆಫ್’ ಎಂದು ಗುರುತಿಸಿ, ನಿಶ್ಚಯವಾದ ಬೆಲೆಗೆ ಸಮ್ಮತಿಸಬಹುದು. ಆದರೆ ಅಂಥವನ ಅರ್ಜಿಯು ಬೆಲೆಯ ವಿಷಯದಲ್ಲಿ ಪುಸ್ತಕಕ್ಕೆ ಏನನ್ನೂ ತಿಳಿಸಲಾರದು. ಕಡೆಯ ಮಾತು ಸಂಸ್ಥೆಯದೂ ಅದರ ಮರ್ಚೆಂಟ್ ಬ್ಯಾಂಕರುಗಳದೂ ಆಗಿರುತ್ತದೆ.

ಈ ಕ್ರಮದ ಸೊಗಸನ್ನೂ ಮಿತಿಯನ್ನೂ ಒಟ್ಟಿಗೆ ಕಾಣಬೇಕಾದರೆ ಬೆಂಗಳೂರಿನ ಬಯೋಕಾನನ್ನು ನೋಡಬೇಕು. ಕಿರಣ್ ಮಜುಂದಾರ್ ಷಾ ಅವರು 1978ರಲ್ಲಿ ಬಾಡಿಗೆಯ ಒಂದು ಗ್ಯಾರೇಜಿನಲ್ಲಿ ಆರಂಭಿಸಿದ ಈ ಉದ್ಯಮ, ಕಿಣ್ವಗಳ ತಯಾರಿಕೆಯಿಂದ ಔಷಧಗಳವರೆಗೆ ಬೆಳೆದು, 2004ರ ಮಾರ್ಚಿನಲ್ಲಿ ಒಂದು ಕೋಟಿ ಷೇರುಗಳನ್ನು 270ರಿಂದ 315 ರೂಪಾಯಿಗಳ ಅಂತರದಲ್ಲಿ ಮುಂದಿಟ್ಟಿತು. ಜೈವಿಕ ತಂತ್ರಜ್ಞಾನದ ಸಂಸ್ಥೆಗೆ ಬೆಲೆ ಕಟ್ಟಲು ನಮ್ಮ ಪೇಟೆಯಲ್ಲಿ ತಕ್ಕ ಹೋಲಿಕೆಯೇ ದುರ್ಲಭವಾಗಿದ್ದ ಕಾಲದಲ್ಲಿ, ಕೊಳ್ಳುವವರನ್ನೇ ಕೇಳಿದುದು ಎಷ್ಟು ಯುಕ್ತವಾದ ಕಾರ್ಯ! ಬೇಡಿಕೆಯು ಮೂವತ್ತು ಪಟ್ಟನ್ನು ಮೀರಿತು. ಬೆಲೆಯು 315ಕ್ಕೆ ನಿಂತಿತು.

ಆದರೆ ಮೇಲ್ಮಿತಿಯಲ್ಲೇ ಬೇಡಿಕೆಯು ಹೀಗೆ ಉಕ್ಕಿದಾಗ, ಪುಸ್ತಕವು ಹೇಳಿದ್ದು ಬೆಲೆಯು 315ಕ್ಕಿಂತ ಕಡಮೆಯಲ್ಲವೆಂಬುದನ್ನು ಮಾತ್ರ; 316ನ್ನು ಕೊಡಲು ಸಿದ್ಧನಿದ್ದವನಿಗೆ ಅದನ್ನು ಬರೆಯುವ ಅವಕಾಶವೇ ಇರಲಿಲ್ಲ. ಏಪ್ರಿಲಿನಲ್ಲಿ ವಹಿವಾಟು ಆರಂಭವಾದ ದಿನವೇ ಸಂಸ್ಥೆಯ ಒಟ್ಟು ಮೌಲ್ಯ ನೂರು ಕೋಟಿ ಡಾಲರನ್ನು ದಾಟಿತು. 315ಕ್ಕೂ ಪೇಟೆಯ ಬೆಲೆಗೂ ನಡುವೆ ಪುಸ್ತಕಕ್ಕೆ ಎಟುಕದೆ ಉಳಿದ ಅಂತರವು ಪ್ರಯೋಗಶಾಲೆಗಳಿಗೆ ಬಂಡವಾಳವಾಗಿ ಸಲ್ಲದೆ, ಹಂಚಿಕೆಯಲ್ಲಿ ಷೇರು ಪಡೆದವರ ಪಾಲಾಯಿತು.