ದವಡೆಯ ಗೆರೆ ಮತ್ತು ಎರಡು ಫೋಟೋ
(ಆರೋಗ್ಯ ಸಂಜೆಯಲ್ಲಿ ಆಡಿದ ಮಾತು)

ನಾನು ದುಬೈನ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್. ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡ್ತೀನಿ.

ನಮ್ಮ ರೂಮಿನಲ್ಲಿ ಹಾಸನದ ಕಡೆಯ ಹುಡುಗನೊಬ್ಬನಿದ್ದಾನೆ, 24 ವರ್ಷ. ರಜೆಗೆ ಊರಿಗೆ ಹೋಗಿ ಹೆಣ್ಣು ನೋಡುವುದಿತ್ತು. ದವಡೆ ಚೂಪಾಗಿ ಕಾಣಬೇಕು ಅಂತ ಮೂರು ತಿಂಗಳು ನಾಲಿಗೆಯನ್ನು ಬಾಯಿಯ ಮೇಲ್ಭಾಗಕ್ಕೆ ಒತ್ತಿಕೊಂಡೇ ಓಡಾಡಿದ. ಸಿಲಿಕೋನ್ ಚೆಂಡೊಂದನ್ನು ತರಿಸಿ ದಿನಾ ಒಂದು ಗಂಟೆ ಅಗಿದ. ಕೊನೆಗೊಂದು ದಿನ, "ಅಣ್ಣಾ, ಚಪಾತಿ ಅಗಿಯೋಕೂ ಆಗ್ತಿಲ್ಲ, ಕಿವಿ ಹತ್ರ ಟಕ್ ಅಂತದೆ" ಅಂದ.

ನಾಲಿಗೆ ಒತ್ತುವುದಕ್ಕೆ 'ಮ್ಯೂಯಿಂಗ್' ಅನ್ನುತ್ತಾರೆ. ಇಂಗ್ಲೆಂಡಿನ ದಂತವೈದ್ಯ ಜಾನ್ ಮ್ಯೂ ಮತ್ತು ಅವರ ಮಗ ಮೈಕ್ ಮ್ಯೂ ಅವರಿಂದ ಬಂದ ಹೆಸರು. ಅವರ ಚಿಕಿತ್ಸೆ ಬೆಳೆಯುವ ಮಕ್ಕಳಿಗಾಗಿ ಹುಟ್ಟಿದ್ದು, ಅದನ್ನೂ ಹೆಚ್ಚಿನ ತಜ್ಞರು ಒಪ್ಪಿಲ್ಲ. ಬೆಳವಣಿಗೆ ಮುಗಿದವರ ದವಡೆ ಮೂಳೆ ನಾಲಿಗೆಯ ಒತ್ತಡಕ್ಕೆ ಬದಲಾಗುತ್ತದೆ ಎಂದು ತೋರಿಸಿದ ಸರಿಯಾದ ಪರೀಕ್ಷೆಯೇ ಇಲ್ಲ.

ಮುಖದ ವ್ಯಾಯಾಮದ ಮೇಲೆ ಒಂದು ಪರೀಕ್ಷೆ ಇದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಅದನ್ನು 2018ರಲ್ಲಿ ಪ್ರಕಟಿಸಿದರು. 40ರಿಂದ 65 ವರ್ಷದ 27 ಹೆಂಗಸರು ಸೇರಿದರು, 20 ವಾರ ಪೂರ್ತಿ ಮಾಡಿದವರು 16 ಮಂದಿ. ಮೊದಲ 8 ವಾರ ದಿನಾ ಅರ್ಧ ಗಂಟೆ, ಆಮೇಲೆ ದಿನ ಬಿಟ್ಟು ದಿನ. ಕೆನ್ನೆ ಸ್ವಲ್ಪ ತುಂಬಿಕೊಂಡಿತು, ಅಷ್ಟೇ. ವ್ಯಾಯಾಮ ಮಾಡದ ಇನ್ನೊಂದು ಗುಂಪನ್ನು ಹೋಲಿಕೆಗೆ ಇಟ್ಟಿರಲಿಲ್ಲ. ಇದನ್ನೇ ತೋರಿಸಿ ಗಂಡಸರಿಗೆ ದವಡೆ ಚೂಪಾಗುತ್ತದೆ ಅಂದರೆ ಹೇಗೆ?

ಚೆಂಡಿನ ಕಥೆ ಬೇರೆ. ಅಗಿಯುವ ಸ್ನಾಯು ಇರುವುದು ದವಡೆಯ ಮೂಲೆಯಲ್ಲಿ. ಅದು ದಪ್ಪವಾದರೆ ಮುಖ ಅಗಲವಾಗುತ್ತದೆ, ಗದ್ದದ ಕೆಳಗಿನ ಕೊಬ್ಬು ಕರಗುವುದಿಲ್ಲ. ಅತಿಯಾದರೆ ಕಿವಿಯ ಮುಂದಿನ ಕೀಲು ನೋಯುತ್ತದೆ.

"ಹಾಗಾದ್ರೆ ಫೋಟೋಗಳು ಸುಳ್ಳಾ ಅಣ್ಣಾ?" ಅಂತ ಕೇಳಿದ. ಅವನನ್ನು ಕಿಟಕಿ ಹತ್ತಿರ ನಿಲ್ಲಿಸಿದೆ. ಮೊದಲ ಫೋಟೋಗೆ ಮೊಬೈಲ್ ಎದೆಯ ಮಟ್ಟದಲ್ಲಿ, ಗದ್ದ ಒಳಗೆ, ನಾಲಿಗೆ ಸಡಿಲ. ಎರಡನೆಯದಕ್ಕೆ ಮೊಬೈಲ್ ಕಣ್ಣಿಗಿಂತ ತುಸು ಮೇಲೆ, ಕುತ್ತಿಗೆ ನೀಳ, ಗದ್ದ ಮುಂದೆ, ನಾಲಿಗೆ ಮೇಲೆ. ನಾಲಿಗೆ ಎತ್ತಿದಾಗ ಗದ್ದದ ಕೆಳಗಿನ ಚರ್ಮ ಆ ಕ್ಷಣಕ್ಕೆ ಬಿಗಿಯುತ್ತದೆ, ಬಿಟ್ಟರೆ ಮೊದಲಿನಂತೆ. ಮೂರು ತಿಂಗಳ 'ಫಲಿತಾಂಶ' ಐದೇ ನಿಮಿಷದಲ್ಲಿ ಸಿಕ್ಕಿತು!

ಆದ್ದರಿಂದ ಇಂಥ ಜೋಡಿ ಫೋಟೋ ನೋಡಿದಾಗ ಬೆಳಕು, ತಲೆಯ ಕೋನ, ಕ್ಯಾಮೆರಾದ ದೂರ ಒಂದೇ ಇದೆಯಾ ನೋಡಿ. ಮಧ್ಯೆ ಅವನ ತೂಕ ಇಳಿದಿತ್ತಾ, ಗಡ್ಡ ಬಂದಿತ್ತಾ ಅಂತಲೂ ಕೇಳಿ.

ನಮ್ಮ ಹುಡುಗ ಚೆಂಡು ಬಿಟ್ಟು, ಡಾಕ್ಟರಿಗೆ ತೋರಿಸಿ, ಕೆಲವು ವಾರ ಮೆತ್ತನೆಯ ಊಟ ಮಾಡಿದ. ನೋವು ಇಳಿಯಿತು, ಟಕ್ ಶಬ್ದ ಮಾತ್ರ ಆಗಾಗ ಇನ್ನೂ ಇದೆ. ಹಳೇ ದವಡೆಯಲ್ಲೇ ಊರಿಗೆ ಹೋಗಿ ಬಂದ. ಹೆಣ್ಣು ಒಪ್ಪಿದ್ದಾಳೆ, ಮದುವೆ ಮುಂದಿನ ರಜೆಗೆ.