ಸಾರಲೇಖವೂ ಪೀಠಿಕೆಯೂ



ಸಂಶೋಧನ ಪ್ರಬಂಧದ ಶಿರೋಭಾಗದಲ್ಲಿ ಸಾರಲೇಖವೂ ಅದರ ಬೆನ್ನಿಗೇ ಪೀಠಿಕೆಯೂ ಬರುವುದರಿಂದ, ಒಂದೇ ಮಾತನ್ನು ಅಲ್ಲಿ ಸಂಕ್ಷೇಪವಾಗಿಯೂ ಇಲ್ಲಿ ವಿಸ್ತಾರವಾಗಿಯೂ ಹೇಳಿದರೆ ಸಾಕೆಂದು ಭಾವಿಸುವವರು ವಿದ್ವಾಂಸರಲ್ಲಿಯೂ ಉಂಟು. ಪೀಠಿಕೆಯಾದರೋ ಓದುಗನನ್ನು ಪ್ರಶ್ನೆಯ ಹೊಸ್ತಿಲವರೆಗೆ ಕರೆತಂದು ಅಲ್ಲಿಗೇ ನಿಲ್ಲತಕ್ಕದ್ದು. ಸಾರಲೇಖ ಉತ್ತರವನ್ನು ಒಪ್ಪಿಸದೆ ಮುಗಿಯುವಂತಿಲ್ಲ.

1948ರ ಅಕ್ಟೋಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ, ಶ್ವಾಸಕೋಶದ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಪರೀಕ್ಷೆಯ ವರದಿಯನ್ನು ತೆಗೆದುಕೊಳ್ಳೋಣ. ಅದಕ್ಕೆ ಪೀಠಿಕೆ ಬರೆಯುವವನು ಕ್ಷಯದ ಗತಿ ರೋಗಿಯಿಂದ ರೋಗಿಗೆ ಬೇರೆಯಾಗಿರುವುದನ್ನೂ, ಕೆಲವರು ಔಷಧವಿಲ್ಲದೆಯೇ ಚೇತರಿಸಿಕೊಳ್ಳುವುದನ್ನೂ, ಆ ಕಾರಣದಿಂದಲೇ ಹಿಂದೆ ಚಿನ್ನದ ಲವಣಗಳ ಚಿಕಿತ್ಸೆ ವರ್ಷಗಟ್ಟಲೆ ನಡೆದರೂ ಅದರ ಗುಣ ನಿರ್ಣಯವಾಗದೆ ಉಳಿದದ್ದನ್ನೂ ನಿಧಾನವಾಗಿ ನಿರೂಪಿಸಬೇಕು. ಹಾಗೆ ನಿರೂಪಿಸಿದಾಗಲೇ, ಔಷಧ ಪಡೆಯದ ಮತ್ತೊಂದು ಗುಂಪು ಏಕೆ ಬೇಕಾಯಿತೆಂಬುದು ಓದುಗನಿಗೆ ಮನವರಿಕೆಯಾಗುತ್ತದೆ. ಪೂರ್ವಸೂರಿಗಳ ಉಲ್ಲೇಖಕ್ಕೆ ಉಚಿತಸ್ಥಾನ ಇದೇ.

ಸಾರಲೇಖದಲ್ಲಿ ಈ ಇತಿಹಾಸಕ್ಕೆಲ್ಲ ಒಂದು ವಾಕ್ಯ ಧಾರಾಳವಾಯಿತು. ಅನಂತರ ಕ್ರಮ ಬರಬೇಕು: ಎರಡೂ ಶ್ವಾಸಕೋಶಗಳಲ್ಲಿ ತೀವ್ರವಾಗಿ ಹಬ್ಬುತ್ತಿದ್ದ ಕ್ಷಯದ 107 ತರುಣ ರೋಗಿಗಳನ್ನು ಯಾದೃಚ್ಛಿಕ ಸಂಖ್ಯೆಗಳ ಮೇರೆಗೆ ವಿಂಗಡಿಸಿ, 55 ಮಂದಿಗೆ ಔಷಧವನ್ನೂ ಹಾಸಿಗೆಯ ವಿಶ್ರಾಂತಿಯನ್ನೂ, 52 ಮಂದಿಗೆ ಬರಿಯ ವಿಶ್ರಾಂತಿಯನ್ನೂ ವಿಧಿಸಲಾಯಿತು. ಬಳಿಕ ಫಲ: ಆರು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ 4 ಮಂದಿಯೂ ಎರಡನೆಯದರಲ್ಲಿ 14 ಮಂದಿಯೂ ತೀರಿಕೊಂಡಿದ್ದರು. ಇಲ್ಲಿಗೇ ಲೇಖನಿಯನ್ನು ಕೆಳಗಿಡುವ ಆಸೆ ಬಹಳ. ಆದರೆ ಔಷಧ ಪಡೆದ ಅನೇಕರಲ್ಲಿ ರೋಗಾಣುಗಳು ಕೆಲವೇ ವಾರಗಳಲ್ಲಿ ಅದಕ್ಕೆ ಜಗ್ಗದಂತಾದವೆಂಬುದನ್ನೂ ಹೇಳದಿದ್ದರೆ, ಸಾರಲೇಖವನ್ನಷ್ಟೇ ಓದಿದ ವೈದ್ಯ ಪ್ರಮಾದಕ್ಕೆ ಗುರಿಯಾಗುವನು. ಗ್ರಂಥಸೂಚಿಗಳಲ್ಲಿ ಪ್ರಬಂಧದಿಂದ ಬೇರ್ಪಟ್ಟು ಸಂಚರಿಸುವುದು ಸಾರಲೇಖದ ಪಾಡಾದ್ದರಿಂದ, ಅದರ ಓದುಗರಲ್ಲಿ ಬಹುಮಂದಿಯ ಕೈಗೆ ಮೂಲ ಸಿಕ್ಕುವುದೇ ಇಲ್ಲ. ಅಲ್ಲಿ ಉಲ್ಲೇಖಸಂಖ್ಯೆಗಳೂ, ‘ಮೇಲಿನ ಕೋಷ್ಟಕವನ್ನು ನೋಡಿ’ ಎಂಬಂಥ ಮಾತುಗಳೂ ಸಲ್ಲದಿರುವುದಕ್ಕೆ ಕಾರಣವೂ ಇದೇ.

ಕೆಟ್ಟ ಸಾರಲೇಖವನ್ನು ಗುರುತಿಸುವುದು ಕಷ್ಟವಲ್ಲ. ‘ಕ್ಷಯದಲ್ಲಿ ಸ್ಟ್ರೆಪ್ಟೊಮೈಸಿನ್ನಿನ ಪರಿಣಾಮವನ್ನು ಪರಿಶೀಲಿಸಿ ಫಲಿತಾಂಶಗಳನ್ನು ಚರ್ಚಿಸಲಾಗಿದೆ’ ಎಂಬ ವಾಕ್ಯವನ್ನು ನೋಡಿ: ಪರೀಕ್ಷೆ ಆರಂಭವಾಗುವ ಮುನ್ನವೇ ಇದನ್ನು ಬರೆದಿಡಬಹುದಾಗಿತ್ತು, ರೋಗಿಗಳೆಲ್ಲ ಉಳಿದಿದ್ದರೂ, ಎಲ್ಲರೂ ಸತ್ತಿದ್ದರೂ, ಅದರಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗುತ್ತಿರಲಿಲ್ಲ. ಆದಕಾರಣ ಪುಟದ ಮೇಲೆ ಮೊದಲು ಬರುವ ಸಾರಲೇಖವನ್ನು, ಲೆಕ್ಕವೆಲ್ಲ ಇತ್ಯರ್ಥವಾದ ಮೇಲೆ, ಕಟ್ಟಕಡೆಗೆ ಬರೆಯುವುದೇ ಲೇಸು. 1987ರಿಂದೀಚೆಗೆ ವೈದ್ಯಕೀಯ ಪತ್ರಿಕೆಗಳು ಉದ್ದೇಶ, ಕ್ರಮ, ಫಲಿತಾಂಶ, ನಿರ್ಣಯವೆಂಬ ಉಪಶೀರ್ಷಿಕೆಗಳನ್ನು ವಿಧಿಸುತ್ತ ಬಂದಿವೆ. ಇದರಿಂದ ಬಿಟ್ಟುಹೋದ ಅಂಗ ಥಟ್ಟನೆ ಕಣ್ಣಿಗೆ ಬೀಳುವುದು ನಿಜ. ಆದರೂ ‘ಫಲಿತಾಂಶ’ವೆಂಬ ಶೀರ್ಷಿಕೆಯ ಕೆಳಗೆ ಒಂದಂಕಿಯನ್ನೂ ಕೊಡದೆ ದಾಟಿಹೋಗುವ ಚತುರರು ಈಗಲೂ ಇದ್ದಾರೆ.