ಪೋಸ್ಟರ್ ಮೇಲಿನ ಕ್ಯೂಆರ್ ಕೋಡ್ ಯಾಕೆ ಸ್ಕ್ಯಾನ್ ಆಗಲಿಲ್ಲ?

ಇವತ್ತು ನಾನು ಮಾತಾಡೋದು ಒಂದೇ ಒಂದು ಪೋಸ್ಟರ್ ಬಗ್ಗೆ.

ಪುಣೆಯಲ್ಲಿ ನಮ್ಮ ಕನ್ನಡ ಬಳಗದವರು ಮಕ್ಕಳಿಗೆ ಭಾನುವಾರದ ಕನ್ನಡ ತರಗತಿ ಶುರು ಮಾಡಬೇಕು ಅಂತಿದ್ವಿ. ಎ3 ಅಳತೆಯ 30 ಪೋಸ್ಟರ್ ಪ್ರಿಂಟ್ ಹಾಕಿಸಿ, ಸುತ್ತಮುತ್ತಲಿನ ಸೊಸೈಟಿಗಳ ಲಿಫ್ಟ್ ಪಕ್ಕದ ನೋಟಿಸ್ ಬೋರ್ಡಿಗೆ ಅಂಟಿಸಿದ್ವಿ. ನೋಂದಣಿಗೆ ಅಂತ ಕೆಳಗಿನ ಮೂಲೆಯಲ್ಲಿ ಕ್ಯೂಆರ್ ಕೋಡ್ ಇತ್ತು. ಹತ್ತು ದಿನ ಆದ್ರೂ ಬಂದಿದ್ದು 4 ಹೆಸರು. ಜನಕ್ಕೆ ಆಸಕ್ತಿ ಇಲ್ಲ, ತರಗತಿ ಬಿಟ್ಟುಬಿಡೋಣ ಅನ್ನೋವರೆಗೂ ಮಾತು ಹೋಗಿತ್ತು. ಆಗ ನಮ್ಮ ಸೊಸೈಟಿಯ ಹಿರಿಯರೊಬ್ಬರು ಸಿಕ್ಕಿ ಹೇಳಿದ್ರು: "ಮೊಮ್ಮಗಳ ಹೆಸರು ಕೊಡೋಣ ಅಂತ ಎರಡು ಸಲ ಮೊಬೈಲ್ ಹಿಡಿದೆ ಕಣಪ್ಪಾ, ಏನೂ ಬರಲಿಲ್ಲ. ನನ್ನ ಫೋನೇ ಹಳೇದು ಅಂತ ಸುಮ್ಮನಾದೆ."

ತೊಂದರೆ ಇರೋದು ಇಲ್ಲೇ. ಸ್ಕ್ಯಾನ್ ಆಗದಿದ್ರೆ ಯಾರೂ ದೂರು ಕೊಡೋದಿಲ್ಲ. ತಮ್ಮ ಫೋನನ್ನೇ ಬೈಕೊಂಡು ಲಿಫ್ಟ್ ಹತ್ತಿ ಹೋಗ್ತಾರೆ.

ಹೋಗಿ ಪೋಸ್ಟರ್ ಮುಂದೆ ನಿಂತೆ. ಕೋಡ್ 3 ಸೆಂ.ಮೀ. ಅಗಲ ಇತ್ತು. ಕೆಂಪು ನೆಲದ ಮೇಲೆ ಹಳದಿ ಚೌಕಗಳು, ನಮ್ಮ ಬಾವುಟದ ಬಣ್ಣ. ಸುತ್ತ ಒಂದು ಚಂದದ ಹಳದಿ ಗೆರೆ, ನಡುವೆ ಬಳಗದ ಲಾಂಛನ. ನೋಡೋಕೆ ಏನೋ ಚೆನ್ನಾಗಿತ್ತು. ತಪ್ಪು ಮಾತ್ರ ಮೂರು ಇದ್ವು. ಒಂದೊಂದಾಗಿ ನೋಡೋಣ.

ಮೊದಲನೇದು ಅಳತೆ. ಪೋಸ್ಟರಿಗೆ ಸಾಮಾನ್ಯವಾಗಿ ಹೇಳೋ ಲೆಕ್ಕ ಹತ್ತಕ್ಕೆ ಒಂದು. ಜನ 1 ಮೀಟರ್ ದೂರದಲ್ಲಿ ನಿಲ್ತಾರೆ ಅಂದ್ರೆ ಕೋಡ್ ಸುಮಾರು 10 ಸೆಂ.ಮೀ. ಇರಬೇಕು. ಇದು ಸ್ವಲ್ಪ ಧಾರಾಳದ ಲೆಕ್ಕವೇ. ಹೊಸ ಫೋನುಗಳು ಇನ್ನೂ ಚಿಕ್ಕದನ್ನೂ ಓದ್ತವೆ. ಆದ್ರೆ ಮಬ್ಬು ಬೆಳಕು, ಹಳೇ ಕ್ಯಾಮೆರಾ, ನಡುಗೋ ಕೈ, ಇವಕ್ಕೆಲ್ಲ ಆ ಧಾರಾಳ ಬೇಕು.

ಆದ್ರೆ ಕ್ಯಾಮೆರಾ ನಿಜವಾಗಿ ನೋಡೋದು ಕೋಡಿನ ಅಗಲವನ್ನಲ್ಲ, ಒಂದೊಂದು ಚಿಕ್ಕ ಚೌಕವನ್ನ. ಅದಕ್ಕೆ ಮಾಡ್ಯೂಲ್ ಅಂತಾರೆ. ಒಳಗೆ ತುಂಬಿಸಿದ ಅಕ್ಷರ ಹೆಚ್ಚಾದಷ್ಟೂ ಮಾಡ್ಯೂಲ್ ಹೆಚ್ಚು, ಒಂದೊಂದೂ ಚಿಕ್ಕದು. ಅತಿ ಚಿಕ್ಕ ಕ್ಯೂಆರ್ ಕೋಡಿನಲ್ಲಿ ಪ್ರತಿ ಸಾಲಿಗೆ 21 ಮಾಡ್ಯೂಲ್, ಅತಿ ದೊಡ್ಡದರಲ್ಲಿ 177. ನಾವು ಗೂಗಲ್ ಫಾರ್ಮಿನ ಉದ್ದನೆ ಲಿಂಕನ್ನ ಹಾಗೇ ಹಾಕಿದ್ವಿ, 111 ಅಕ್ಷರ. ಜೊತೆಗೆ ಲಾಂಛನ ಕೂರಿಸಬೇಕು ಅಂತ ತಪ್ಪು ತಿದ್ದುವ ಮಟ್ಟವನ್ನ ಎಲ್ಲಕ್ಕಿಂತ ಮೇಲಿನ H ಗೆ ಇಟ್ಟಿದ್ವಿ. ಸುಮಾರು 30 ಶೇಕಡಾ ಭಾಗ ಹಾಳಾದ್ರೂ ಓದಬಹುದು ಅನ್ನೋ ಮಟ್ಟ ಅದು. ಆ ರಕ್ಷಣೆ ಬಿಟ್ಟಿ ಸಿಗೋದಿಲ್ಲ, ಅದಕ್ಕೂ ಮಾಡ್ಯೂಲ್ ಬೇಕು. ಒಟ್ಟು ಸಾಲಿಗೆ 57 ಆಯ್ತು. 30 ಮಿ.ಮೀ.ಯನ್ನ 57ರಿಂದ ಭಾಗಿಸಿ: ಒಂದು ಮಾಡ್ಯೂಲ್ ಬರೀ ಅರ್ಧ ಮಿ.ಮೀ. 1 ಮೀಟರ್ ದೂರದಿಂದ ಅದು ಬರೀ ಮಬ್ಬು.

ಅದೇ ಫಾರ್ಮಿನಲ್ಲಿ ಲಿಂಕ್ ಚಿಕ್ಕದು ಮಾಡೋ ಆಯ್ಕೆ ಇದೆ. forms.gle ಅಂತ ಶುರುವಾಗೋ 35 ಅಕ್ಷರದ ಲಿಂಕ್ ಸಿಗುತ್ತೆ. ಲಾಂಛನ ತೆಗೆದು, ಮಟ್ಟವನ್ನ M ಗೆ ಇಳಿಸಿದ್ರೆ 29 ಮಾಡ್ಯೂಲಿಗೆ ಮುಗೀತು. ಕೋಡನ್ನ 8 ಸೆಂ.ಮೀ. ಮಾಡಿದ್ರೆ ಒಂದೊಂದು ಮಾಡ್ಯೂಲ್ 2.76 ಮಿ.ಮೀ., ಮೊದಲಿನ ಐದರಷ್ಟು.

ಎರಡನೇದು ಸುತ್ತಲಿನ ಖಾಲಿ ಜಾಗ, ಕ್ವಯಟ್ ಝೋನ್. ಕೋಡಿನ ಮೂರು ಮೂಲೆಯಲ್ಲಿ ಚೌಕದೊಳಗೆ ಚೌಕ ಇರುತ್ತಲ್ಲ, ಫೋನ್ ಮೊದಲು ಹುಡುಕೋದು ಅದನ್ನ. ಅದರ ನಡುವೆ ಅಡ್ಡಲಾಗಿ ಒಂದು ಗೆರೆ ಎಳೆದ್ರೆ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಅಂತ 1:1:3:1:1 ಅನುಪಾತದಲ್ಲಿ ಸಿಗುತ್ತೆ. ಓರೆಯಾಗಿ ಹಿಡಿದ್ರೂ ಈ ಅನುಪಾತ ಹೆಚ್ಚುಕಮ್ಮಿ ಹಾಗೇ ಉಳಿಯುತ್ತೆ, ಅದಕ್ಕೇ ಅದು ಗುರುತು. ಈಗ ಹೊರಗಡೆಯ ಅಂಚಿಗೇ ಒಂದು ಗೆರೆ ತಾಗಿಸಿದ್ರೆ ಮೊದಲಿನ "1" ದಪ್ಪ ಆಗಿ ಅನುಪಾತ ಕೆಡುತ್ತೆ. ಅಲ್ಲಿ ಕೋಡ್ ಇದೆ ಅನ್ನೋದೇ ಫೋನಿಗೆ ತಿಳಿಯೋದಿಲ್ಲ. ಗಮನಿಸಿ, ತಪ್ಪು ತಿದ್ದುವ ಮಟ್ಟ ಎಷ್ಟೇ ಇಟ್ರೂ ಇಲ್ಲಿ ಉಪಯೋಗ ಇಲ್ಲ. ಅದು ಒಳಗಿನ ಅಕ್ಷರಗಳನ್ನ ಕಾಪಾಡುತ್ತೆ, ಈ ಮೂಲೆಗಳನ್ನಲ್ಲ.

ನಿಯಮದ ಪ್ರಕಾರ ನಾಲ್ಕೂ ಕಡೆ 4 ಮಾಡ್ಯೂಲ್ ಖಾಲಿ ಬಿಡಬೇಕು. ನಮ್ಮ ಲೆಕ್ಕದಲ್ಲಿ ಅದು 11 ಮಿ.ಮೀ. ಅಂದ್ರೆ 8 ಸೆಂ.ಮೀ. ಕೋಡಿಗೆ 10.2 ಸೆಂ.ಮೀ.ಯ ಬಿಳಿ ಚೌಕ ಬೇಕು. ನಾನು ಹೀಗೆ ಮಾಡಿದೆ:

```
qrencode -l M -m 4 -t SVG -o nondani.svg "https://forms.gle/..."
```

ಚುಕ್ಕಿಗಳ ಜಾಗದಲ್ಲಿ ನಿಮ್ಮ ಲಿಂಕ್ ಇರಲಿ. `-m 4` ಅಂದ್ರೆ ಆ ಖಾಲಿ ಜಾಗ. ಎಸ್‌ವಿಜಿ ಯಾಕೆ ಅಂದ್ರೆ ಎಷ್ಟು ದೊಡ್ಡದು ಮಾಡಿದ್ರೂ ಅಂಚು ಚೂಪಾಗೇ ಇರುತ್ತೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದ ಕೋಡನ್ನ ಹಿಗ್ಗಿಸಿದ್ರೆ ಅಂಚೆಲ್ಲ ಮಸುಕಾಗುತ್ತೆ. ಡಿಸೈನ್ ಮಾಡೋರಿಗೆ ಒಂದು ಮಾತು ಹೇಳಲೇಬೇಕು: "ಸುತ್ತ ಇರೋ ಬಿಳಿಯನ್ನ ಕ್ರಾಪ್ ಮಾಡಬೇಡಿ, ಅದೂ ಕೋಡೇ." ಬಿಳಿ ಜಾಗ ಕಂಡ ತಕ್ಷಣ ದಂಡ ಅಂತ ಕತ್ತರಿಸೋದು ಎಲ್ಲರಿಗೂ ಅಭ್ಯಾಸ.

ಮೂರನೇದು ಬಣ್ಣ. ಫೋನ್ ಬಣ್ಣ ನೋಡೋದಿಲ್ಲ, ಯಾವುದು ಗಾಢ, ಯಾವುದು ತಿಳಿ ಅಂತ ಅಷ್ಟೇ ನೋಡುತ್ತೆ. ಹಳದಿ ತಿಳಿ, ಕೆಂಪು ಗಾಢ, ಹಾಗಾಗಿ ಅಂತರವೇನೋ ಇತ್ತು. ಆದ್ರೆ ನಾವು ಅದನ್ನ ತಿರುಗಾಮುರುಗಾ ಮಾಡಿದ್ವಿ. ಚೌಕ ಗಾಢ, ನೆಲ ತಿಳಿ ಇರಬೇಕಾದ ಕಡೆ ಚೌಕ ತಿಳಿ, ನೆಲ ಗಾಢ. ಕೆಲವು ಆ್ಯಪ್ ಇದನ್ನ ಓದ್ತವೆ, ಕೆಲವು ಓದಲ್ಲ. ಬಂದ 4 ಹೆಸರು ಓದಿದ ಫೋನುಗಳಿಂದಲೇ ಇರಬೇಕು. ನಿಮ್ಮ ಪೋಸ್ಟರಿನ ಬಣ್ಣ ಪರೀಕ್ಷಿಸಬೇಕಾದ್ರೆ ಅದರ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಚೌಕಗಳು ನೆಲದಲ್ಲಿ ಕರಗಿಹೋದ್ರೆ ಆ ಬಣ್ಣ ಬೇಡ. ನಾವು ಕೊನೆಗೆ ಬಿಳಿ ಚೌಕದಲ್ಲಿ ಕಪ್ಪು ಕೋಡ್ ಇಟ್ವಿ, ಕೆಂಪು ಹಳದಿ ಪೋಸ್ಟರಿನ ಉಳಿದ ಭಾಗಕ್ಕೆ.

"ಅಷ್ಟು ದೊಡ್ಡ ಬಿಳಿ ಡಬ್ಬ ಹಾಕಿದ್ರೆ ಪೋಸ್ಟರ್ ಅಂದ ಕೆಡುತ್ತೆ ರೀ" ಅಂದ್ರು ಡಿಸೈನ್ ಮಾಡಿದ ಗೆಳೆಯರು. ಅವರ ಮಾತು ಸುಳ್ಳಲ್ಲ. ಎ3 ಹಾಳೆಯ ಅಗಲ 29.7 ಸೆಂ.ಮೀ., ಅದರಲ್ಲಿ ಮೂರನೇ ಒಂದು ಭಾಗ ಹೋಯ್ತು. ಕಾರ್ಯಕ್ರಮದ ವಿವರ ನಾಲ್ಕು ಸಾಲು ಕಡಿಮೆ ಮಾಡಿದ್ವಿ. ಫಾರ್ಮಿನಲ್ಲಿ ಹೇಗೂ ಅದು ಇತ್ತು.

ಪ್ರೆಸ್ಸಿಗೆ ಕೊಡೋ ಮುಂಚೆ ಕೋಡಿನ ಭಾಗವನ್ನಷ್ಟೇ ಎ4 ಹಾಳೆಯಲ್ಲಿ ನಿಜವಾದ ಅಳತೆಗೆ ಪ್ರಿಂಟ್ ತೆಗೆದು, ಅದೇ ನೋಟಿಸ್ ಬೋರ್ಡಿಗೆ ಸಂಜೆ ಹೊತ್ತಲ್ಲಿ ಅಂಟಿಸಿದೆ. ಮೂರು ಫೋನ್, ಅದರಲ್ಲಿ ಒಂದು ಆ ಹಿರಿಯರದ್ದು. ಕಂಪ್ಯೂಟರ್ ಪರದೆ ಮೇಲೆ ಸ್ಕ್ಯಾನ್ ಆಯ್ತು ಅಂತ ನಂಬಬೇಡಿ. ಪರದೆಗೆ ತನ್ನದೇ ಬೆಳಕಿದೆ, ಕಾಗದಕ್ಕಿಲ್ಲ.

ನಿಮ್ಮ ಪೋಸ್ಟರ್ ಈಗಾಗಲೇ ಗೋಡೆ ಮೇಲಿದ್ದು ಓದ್ತಾ ಇಲ್ಲ ಅಂದ್ರೆ ಹೀಗೆ ಪತ್ತೆ ಮಾಡಿ. ಹತ್ತಿರ ಹೋದಾಗ ಓದಿದ್ರೆ ತಪ್ಪು ಅಳತೆಯದು. ಕೋಡಿನ ಅಂಚಿನ ಸುತ್ತ ನಾಲ್ಕು ಬಿಳಿ ಕಾಗದದ ಪಟ್ಟಿ ಇಟ್ಟಾಗ ಓದಿದ್ರೆ ತಪ್ಪು ಖಾಲಿ ಜಾಗದ್ದು. ಪಕ್ಕಕ್ಕೆ ಸರಿದು ನಿಂತಾಗ ಓದಿದ್ರೆ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಹೊಳೀತಾ ಇದೆ. ಒಂದು ಫೋನ್ ಓದಿ ಇನ್ನೊಂದು ಓದದಿದ್ರೆ ಮೊದಲು ಬಣ್ಣ ನೋಡಿ.

ಹೊಸ ಪೋಸ್ಟರಿನಲ್ಲಿ ಕೋಡಿನ ಕೆಳಗೆ ಒಂದು ಫೋನ್ ನಂಬರನ್ನೂ ಹಾಕಿದ್ವಿ. ಎರಡು ವಾರದಲ್ಲಿ 19 ಮಕ್ಕಳ ಹೆಸರು ಬಂತು. ವಾಟ್ಸಾಪಿನಲ್ಲೂ ಇನ್ನೊಮ್ಮೆ ಕಳಿಸಿದ್ದರಿಂದ ಎಲ್ಲಾ ಕೋಡಿನಿಂದಲೇ ಬಂತು ಅಂತ ಹೇಳಲಾರೆ. ಆದ್ರೆ ಆ ಹಿರಿಯರ ಮೊಮ್ಮಗಳ ಹೆಸರು ಕೋಡಿನಿಂದಲೇ ಬಂದಿದ್ದು. ಸ್ಕ್ಯಾನ್ ಆದಾಗ ನಾನು ಪಕ್ಕದಲ್ಲೇ ಇದ್ದೆ. "ನೋಡು, ನನ್ನ ಫೋನ್ ಸರಿಯಾಗೇ ಇದೆ" ಅಂದ್ರು.